ಹಿಂದಕ್ಕೆ ಸರಿಯದ ಮುಂದೊಗಲು: ಓಪಿಡಿಯ ಒಂದು ಸೋಮವಾರ

ಅಮ್ಮನ ಸೊಂಟದ ಮೇಲೆ ಕೂತಿದ್ದ ಹುಡುಗ ಕೆಳಗಿಳಿಯಲು ಒಪ್ಪಲೇ ಇಲ್ಲ. ವಯಸ್ಸು ಮೂರೂವರೆ, ತೂಕ 14 ಕೆಜಿ. ಹಿಂದಿನ ದಿನ ಭಾನುವಾರ ಎಣ್ಣೆಸ್ನಾನ ಆಗಿತ್ತು. ಅಜ್ಜಿ ಎಣ್ಣೆ ಹಚ್ಚಿ ಶಿಶ್ನದ ತುದಿಯ ಚರ್ಮವನ್ನು ಹಿಂದಕ್ಕೆ ತಳ್ಳಿದ್ದರು. ಪ್ರತಿ ವಾರ ಒಂಚೂರು ತಳ್ಳುತ್ತಿದ್ದದ್ದು ಈ ಸಲ ಜೋರಾಯಿತು. ಮಗು ಕಿರುಚಿತು, ರಕ್ತ ಬಂತು. ಬೆಳಗ್ಗೆ ಆರಕ್ಕೆ ನಾಲ್ಕು ಹನಿ ಉಚ್ಚೆ ಹೊಯ್ದವನು ಹನ್ನೊಂದೂವರೆಯಾದರೂ ಬಿಗಿಹಿಡಿದುಕೊಂಡೇ ಇದ್ದ.

"ಎಲ್ಲಾ ಮನೇಲೂ ಹೀಗೇ ಮಾಡ್ತಾರಲ್ಲ ಡಾಕ್ಟ್ರೇ, ಬಿಡಿಸದಿದ್ರೆ ಅಂಟ್ಕೊಂಡೇ ಉಳಿಯತ್ತೆ ಅಂತಾರೆ" ಅಂದರು ಅಜ್ಜಿ. ಅವರ ಕೈ ನಡುಗುತ್ತಿತ್ತು. ಅವರನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ. ಮೊದಲು ಮಗುವಿನ ಉಚ್ಚೆಯ ವ್ಯವಸ್ಥೆ ಆಗಬೇಕಿತ್ತು.

ಹರಿದ ಚರ್ಮಕ್ಕೆ ಉಚ್ಚೆ ತಾಗಿದರೆ ಉರಿಯುತ್ತದೆ, ಆ ಭಯಕ್ಕೇ ಮಕ್ಕಳು ತಡೆಹಿಡಿಯುತ್ತಾರೆ. ಇದಕ್ಕೆ ಉಗುರುಬೆಚ್ಚಗಿನ ನೀರಿನ ಟಬ್ ಸಾಕು. ಸೊಂಟದವರೆಗೆ ನೀರಿನಲ್ಲಿ ಕೂರಿಸಿ ಅಲ್ಲೇ ಹೋಗಲು ಬಿಟ್ಟರೆ, ಉಚ್ಚೆ ನೀರಿನಲ್ಲಿ ಬೆರೆತು ತೆಳುವಾಗಿ ಉರಿ ಗೊತ್ತಾಗುವುದಿಲ್ಲ. ಅದಕ್ಕೂ ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ಕೊಟ್ಟಿದ್ದೆವು: ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಅವನಿಗೆ ಸುಮಾರು 200 ಮಿಲಿಗ್ರಾಂ, ಅಂದರೆ 5 ಮಿಲೀಗೆ 250 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ 4 ಮಿಲೀ. ಟಬ್ಬಿನಲ್ಲಿ ಕೂತು ಎರಡೇ ನಿಮಿಷಕ್ಕೆ ಮುಖ ಸಡಿಲವಾಯಿತು. ಹೀಗೆ ಮಾಡಿಯೂ ಎಂಟು ಗಂಟೆ ದಾಟಿ ಉಚ್ಚೆ ಆಗದಿದ್ದರೆ, ಇಲ್ಲವೇ ಕಿಬ್ಬೊಟ್ಟೆ ಉಬ್ಬಿದ್ದರೆ ಮನೆಯಲ್ಲಿ ಕಾಯಬಾರದು, ಆಸ್ಪತ್ರೆಗೆ ಕರೆತರಬೇಕು.

ಆಮೇಲೆ ಪರೀಕ್ಷೆ. ಇಲ್ಲಿ ಚರ್ಮವನ್ನು ಹಿಂದಕ್ಕೆ ತಳ್ಳುವುದಿಲ್ಲ. ಎರಡು ಬೆರಳಿನಿಂದ ಮುಂದೊಗಲನ್ನು ಮೆಲ್ಲಗೆ ಹಿಡಿದು ನಮ್ಮ ಕಡೆಗೆ, ಅಂದರೆ ಮುಂದಕ್ಕೆ, ಒಂಚೂರು ಎಳೆದು ತುದಿಯನ್ನು ನೋಡುವುದು. ಸಹಜವಾಗಿ ಬಿಗಿಯಿರುವ ಮಗುವಿನಲ್ಲಿ ಆ ತುದಿ ಮೊಗ್ಗು ಅರಳುವ ಹಾಗೆ ಬಾಯಿ ಬಿಡುತ್ತದೆ, ಒಳಗಿನ ಮೆತ್ತನೆಯ ಗುಲಾಬಿ ಪದರ ಕಾಣುತ್ತದೆ. ಈ ಹುಡುಗನಲ್ಲಿ ಹಾಗೇ ಕಂಡಿತು. ಬಾಯಿಯ ಒಂದು ಬದಿಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಉದ್ದದ ಹಸಿ ಸೀಳು.

ಅಜ್ಜಿ ಅಂದ ಮಾತು ಅರ್ಧ ನಿಜ. ಚರ್ಮ ಅಂಟಿಕೊಂಡೇ ಇರುತ್ತದೆ, ಆದರೆ ಅದು ದೋಷವಲ್ಲ. ಹುಟ್ಟುವಾಗ ಮುಂದೊಗಲಿನ ಒಳಮೈ ಮತ್ತು ಶಿಶ್ನದ ತುದಿ ಒಂದೇ ಪದರದಿಂದ ಬೆಸೆದಿರುತ್ತವೆ, ಬೆರಳಿಗೆ ಉಗುರು ಅಂಟಿರುವ ಹಾಗೆ. ಆ ಪದರದ ಜೀವಕೋಶಗಳು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಉದುರುತ್ತಾ ಎರಡೂ ಬೇರೆಯಾಗುತ್ತವೆ. ಉದುರಿದ್ದು ಚರ್ಮದಡಿಯಲ್ಲಿ ಬಿಳಿ ಮುತ್ತಿನಂಥ ಗಂಟಾಗಿ ಕಾಣುವುದುಂಟು. ಇದೇ ಸ್ಮೆಗ್ಮಾ. ಕೀವು ಅಂದುಕೊಂಡು ಆ್ಯಂಟಿಬಯಾಟಿಕ್ ಹಾಕಿಸಿಕೊಂಡು ಬಂದ ಮಕ್ಕಳನ್ನು ತುಂಬಾ ನೋಡಿದ್ದೇವೆ. ಕೆಂಪಿಲ್ಲ, ನೋವಿಲ್ಲ, ಜ್ವರವಿಲ್ಲ ಎಂದರೆ ಅದು ಕೀವಲ್ಲ. ದಾರಿ ಬಿಟ್ಟಾಗ ತಾನೇ ಹೊರಬರುತ್ತದೆ.

ಎಷ್ಟು ವರ್ಷ ಕಾಯಬೇಕು ಎಂಬುದಕ್ಕೆ ಡೆನ್ಮಾರ್ಕ್‌ನ ವೈದ್ಯ ಯಾಕೋಬ್ ಓಸ್ಟರ್ 1968ರಲ್ಲಿ ಪ್ರಕಟಿಸಿದ ಶಾಲಾ ಹುಡುಗರ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. 6-7 ವರ್ಷದವರಲ್ಲಿ ನೂರಕ್ಕೆ 63 ಹುಡುಗರಿಗೆ ಇನ್ನೂ ಎಲ್ಲೋ ಒಂದು ಕಡೆ ಅಂಟು ಉಳಿದಿತ್ತು. 16-17ಕ್ಕೆ ಬರುವಷ್ಟರಲ್ಲಿ ಅದು ನೂರಕ್ಕೆ 3ಕ್ಕೆ ಇಳಿದಿತ್ತು. ತುದಿಯ ಬಾಯಿಯೇ ಬಿಗಿಯಾಗಿದ್ದವರು ನೂರಕ್ಕೆ 8ರಿಂದ 1ಕ್ಕೆ ಇಳಿದಿದ್ದರು. ಮೂರೂವರೆಗೆ ಸರಿಯದಿದ್ದರೆ ಅವಸರಪಡುವಂಥದ್ದು ಏನೂ ಇಲ್ಲ.

ಅವಸರಪಟ್ಟರೆ ಏನಾಗುತ್ತದೆ ಎಂಬುದು ಆ ಸೀಳಿನಲ್ಲೇ ಇತ್ತು. ಹರಿದ ಜಾಗ ಕಲೆ ಕಟ್ಟಿ ಮಾಯುತ್ತದೆ, ಕಲೆಯ ಚರ್ಮ ಹಿಗ್ಗುವುದಿಲ್ಲ. ವಾರವಾರ ಹರಿದರೆ, ತಾನಾಗಿ ಬಿಡಬೇಕಿದ್ದ ಚರ್ಮಕ್ಕೆ ನಾವೇ ಕೈಯಾರೆ ಬಿಗಿಯುಂಗುರ ತೊಡಿಸಿದಂತೆ. ಇನ್ನೊಂದು ಅಪಾಯವೂ ಇದೆ. ಬಲವಂತವಾಗಿ ಹಿಂದಕ್ಕೆ ಹೋದ ಚರ್ಮ ಮರಳಿ ಬಾರದೆ ತುದಿಯ ಹಿಂದೆ ಸಿಕ್ಕಿಕೊಂಡರೆ, ಗಂಟೆಗಳಲ್ಲಿ ತುದಿ ಊದಿ ನೀಲಿಗಟ್ಟಬಹುದು. ಅದು ತುರ್ತು ಸ್ಥಿತಿ, ರಾತ್ರಿಯಾದರೂ ಹೊರಡಬೇಕು.

ತಾಯಿಗೆ ಇನ್ನೊಂದು ಅನುಮಾನ ಇತ್ತು: "ಉಚ್ಚೆ ಹೊಯ್ಯುವಾಗ ತುದಿ ಬಲೂನ್ ಥರ ಉಬ್ಬತ್ತಲ್ಲ ಸರ್?" ಅಂಟು ಬಿಡುತ್ತಿರುವಾಗ ಒಳಗೆ ಜಾಗವಾಗಿ, ಬಾಯಿ ಇನ್ನೂ ಚಿಕ್ಕದಾಗಿರುವ ಕಾಲದಲ್ಲಿ ಹಾಗಾಗುತ್ತದೆ. ಧಾರೆ ದೂರಕ್ಕೆ ಬೀಳುತ್ತಿದ್ದರೆ, ತಿಣುಕದೆ ಹೊಯ್ದರೆ, ಮುಗಿದ ಮೇಲೆ ಉಬ್ಬು ಇಳಿದರೆ ಬಿಟ್ಟುಬಿಡಬಹುದು. ಧಾರೆ ನೂಲಿನಂತಾಗಿ, ಹನಿಹನಿಯಾಗಿ, ತಿಣುಕುತ್ತಾ ಹೊಯ್ಯುವುದು ಬೇರೆ ವಿಷಯ.

ಆ ಬೇರೆ ವಿಷಯವೂ ಅದೇ ದಿನ ಮಧ್ಯಾಹ್ನ ಬಂತು. ಒಂಬತ್ತು ವರ್ಷದ ಹುಡುಗ. ಏಳನೇ ವರ್ಷದಲ್ಲಿ ಸಲೀಸಾಗಿ ಸರಿಯುತ್ತಿದ್ದ ಚರ್ಮ ಆರು ತಿಂಗಳಿಂದ ಸರಿಯುತ್ತಿಲ್ಲ. ಈ ಒಂದು ವಾಕ್ಯ ಕೇಳಿದರೇ ಕಿವಿ ನೆಟ್ಟಗಾಗಬೇಕು: ಒಮ್ಮೆ ಸಡಿಲವಾದದ್ದು ಮತ್ತೆ ಬಿಗಿಯಾಗುವುದು ಬೆಳವಣಿಗೆಯಲ್ಲ. ಅವನ ಚರ್ಮವನ್ನು ಮುಂದಕ್ಕೆ ಎಳೆದಾಗ ಮೊಗ್ಗು ಅರಳಲಿಲ್ಲ. ತುದಿಯಲ್ಲಿ ಸುಣ್ಣ ಬಳಿದಂಥ ಬಿಳಿ ಉಂಗುರ, ಮುಟ್ಟಿದರೆ ಗಡಸು, ಅಂಚಿನಲ್ಲಿ ಸಣ್ಣ ಬಿರುಕು. ಇದು ನಿಜವಾದ ಫೈಮೋಸಿಸ್, ಅಂದರೆ ಕಲೆ ಕಟ್ಟಿ ಮುಂದೊಗಲು ಬಿಗಿಯಾಗಿರುವುದು, ಬಹುಪಾಲು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗದ್ದು. ಇದು ಮೂತ್ರದ್ವಾರಕ್ಕೂ ಹಬ್ಬಿ ಅದನ್ನು ಕಿರಿದಾಗಿಸಬಲ್ಲದು. ಹಾಗಾಗಿ ಇಂಥ ಮಗುವನ್ನು ಮಕ್ಕಳ ಸರ್ಜನ್ ನೋಡಬೇಕು. ಹೆಚ್ಚಿನವರಿಗೆ ಸುನ್ನತಿಯೇ ಚಿಕಿತ್ಸೆ, ತೆಗೆದ ಚರ್ಮವನ್ನು ಪರೀಕ್ಷೆಗೆ ಕಳಿಸಿ ಖಚಿತಪಡಿಸಿಕೊಳ್ಳುತ್ತಾರೆ.

ಈ ಇಬ್ಬರ ನಡುವೆ ಒಂದು ಗುಂಪಿದೆ: ಕಲೆಯಿಲ್ಲ, ಚರ್ಮ ಮೆತ್ತಗಿದೆ, ಆದರೆ ಬಿಗಿಯಿಂದ ಪದೇಪದೇ ಸೋಂಕು, ನೋವು. ಅವರಿಗೆ 0.05% ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಮುಲಾಮನ್ನು ದಿನಕ್ಕೆರಡು ಸಲ 4ರಿಂದ 6 ವಾರ ಬರೆಯುತ್ತೇವೆ. ಹೆಚ್ಚಿನವರಲ್ಲಿ ಕತ್ತರಿ ಬೇಕಾಗುವುದಿಲ್ಲ. ಕೆಲಸ ಕೆಡುವುದು ಹಚ್ಚುವ ಜಾಗದಲ್ಲಿ. ಹೊರಚರ್ಮಕ್ಕೆಲ್ಲ ಬಳಿದರೆ ಪ್ರಯೋಜನವಿಲ್ಲ. ನೋವಾಗದಷ್ಟು ಮಾತ್ರ ಹಿಂದೆ ಸರಿಸಿ, ಬಿಗಿ ಇರುವ ಆ ಉಂಗುರದ ಮೇಲೇ ಹೆಸರುಕಾಳಿನಷ್ಟು ಹಚ್ಚಿ, ಚರ್ಮವನ್ನು ಮುಂದಕ್ಕೆ ತಂದುಬಿಡಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ, ಸ್ಟೀರಾಯ್ಡ್ ಜೊತೆ ಫಂಗಸ್ಸಿನ ಔಷಧ, ಆ್ಯಂಟಿಬಯಾಟಿಕ್ ಎಲ್ಲ ಕಲಸಿದ ಟ್ಯೂಬನ್ನು ಕೇಳಿ ತಂದು ಹಚ್ಚುವುದು ಬೇಡ. ಅದರಲ್ಲಿರುವ ಸ್ಟೀರಾಯ್ಡ್ ಎಷ್ಟೋ ಸಲ ಈ ಎಳೆ ಚರ್ಮಕ್ಕೆ ಮೀರಿದ ಪ್ರಬಲವಾದದ್ದು.

ಮೂರೂವರೆಯ ಹುಡುಗನಿಗೆ ಅದೂ ಬೇಕಿರಲಿಲ್ಲ. ಸೀಳು ಬಟ್ಟೆಗೆ ಅಂಟದಂತೆ ದಿನಕ್ಕೆ ಮೂರ್ನಾಲ್ಕು ಸಲ ವ್ಯಾಸಲೀನ್, ಐದು ದಿನ ಸೋಪು ಮುಟ್ಟಿಸದೆ ಬೆಚ್ಚನೆಯ ನೀರು, ಅಷ್ಟೇ. ಎರಡು ವಾರ ಬಿಟ್ಟು ಅಜ್ಜಿಯೇ ಕರೆತಂದರು. ಸೀಳು ಮಾಯ್ದಿತ್ತು, ತುದಿ ಮೊದಲಿನ ಹಾಗೇ ಅರಳಿತು, ಬಿಳಿ ಕಲೆಯಿಲ್ಲ. "ಸ್ನಾನ ಹೇಗೆ ಮಾಡಿಸಲಿ ಡಾಕ್ಟ್ರೇ?" ಅಂತ ಕೇಳಿದರು. "ಹೊರಗಿಂದ ತೊಳೀರಿ ಅಜ್ಜಿ, ಕೈಬೆರಳು ತೊಳೆದ ಹಾಗೆ. ತಾನಾಗಿ ಸರಿಯೋಕೆ ಶುರುವಾದ್ಮೇಲೆ ಅವನೇ ಸ್ನಾನದಲ್ಲಿ ಸರಿಸಿ, ಬರೀ ನೀರಲ್ಲಿ ತೊಳೆದು, ಮತ್ತೆ ಮುಂದಕ್ಕೆ ತರೋದನ್ನ ಹೇಳಿಕೊಡಿ." ಹುಡುಗ ಅಜ್ಜಿಯ ಸೆರಗು ಹಿಡಿದು ನಡೆದುಕೊಂಡೇ ಹೊರಟ.