ಗೆರೆ ತಿರುಗಿಸಿದ ಖೋ-ಖೋ

ಖೋ ಕೊಟ್ಟ ಹುಡುಗಿಯ ಅಂಗೈಯಿಂದ ರಕ್ತ ಬರುತ್ತಿತ್ತು. ಕಂಬಕ್ಕೆ ಹಾರಿ ಮೊಣಕೈ ತರಚುವುದು, ಕಾಲು ಉಳುಕುವುದು, ಇಬ್ಬರು ಡಿಕ್ಕಿ ಹೊಡೆದು ಹಲ್ಲು ಅಲುಗಾಡುವುದು, ಇವೆಲ್ಲ ನನಗೆ ಹೊಸದಲ್ಲ. ಖೋ ಕೊಟ್ಟವಳ ಕೈ ಸೀಳುವುದನ್ನು ಮಾತ್ರ ದೈಹಿಕ ಶಿಕ್ಷಕಿಯಾಗಿ ಹದಿನಾಲ್ಕು ವರ್ಷಗಳಲ್ಲಿ ಅಂದೇ ಮೊದಲು ನೋಡಿದೆ.

ಕಾರಣ ಕೂತವಳ ಬೆನ್ನಿನಲ್ಲಿತ್ತು. ನಮ್ಮದು ಪಾಂಡವಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಹುಡುಗಿಯರ ಸಮವಸ್ತ್ರ ಚೂಡಿದಾರ್, ಮೇಲೆ ವೇಲ್. ವೇಲನ್ನು ಎರಡು ಭುಜಕ್ಕೂ ಪಿನ್ ಹಾಕಿ ಕೂರಿಸುತ್ತಾರೆ. ಓಡುವಾಗ ಅದರ ತುದಿಗಳು ಹಾರಬಾರದೆಂದು ಅವಳು ಬೆನ್ನ ನಡುವೆ ಎರಡೂ ತುದಿ ಸೇರಿಸಿ ಮೂರನೆಯ ಪಿನ್ ಹಾಕಿಕೊಂಡಿದ್ದಳು. ಖೋ ಕೊಡುವ ಅಂಗೈ ಬೀಳುವುದು ಸರಿಯಾಗಿ ಅಲ್ಲಿಗೇ. ಪಿನ್ ಬಿಚ್ಚಿಕೊಂಡಿತ್ತು. ಗಾಯಾಳುವನ್ನು ಆಸ್ಪತ್ರೆಗೆ ಕರೆದೊಯ್ದು ಟಿ.ಟಿ. ಚುಚ್ಚಿಸಿ ಬರುವಾಗ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಒಂದೇ ವಿಷಯ. ಪಿನ್ ಹಾಕಿಕೊಂಡಿದ್ದ ಆ ಹುಡುಗಿಯನ್ನು ಆಟಕ್ಕೆ ಎಳೆದು ಕೂರಿಸಿದ್ದು ನಾನೇ.

ಎಳೆದು ಎಂದರೆ ಅಂಕದ ಭಯ ಹಾಕಿ. ಒಂಬತ್ತನೆಯ ತರಗತಿಯಲ್ಲಿ 27 ಹುಡುಗಿಯರು. ಜೂನ್‌ನಲ್ಲಿ ಆಟದ ಅವಧಿಗೆ ಮೈದಾನಕ್ಕೆ ಇಳಿಯುತ್ತಿದ್ದವರು ಒಂಬತ್ತೋ ಹತ್ತೋ. ಉಳಿದವರು ಹೊಂಗೆ ಮರದ ಕೆಳಗೆ. ಕೇಳಿದರೆ ‘ಹೊಟ್ಟೆ ನೋವು ಮಿಸ್’. ತಿಂಗಳಿಗೆ ನಾಲ್ಕು ಸಲ ಹೊಟ್ಟೆ ನೋವು ಬರುವವರೂ ಇದ್ದರು. ನಾನು ರೇಗಿ, ಎಲ್ಲರೆದುರು ಕಾರಣ ಕೇಳಿ, ಬಾರದವರ ಅಂಕ ಕಡಿಯುವುದಾಗಿ ಹೇಳಿದೆ. ಜುಲೈ ಹೊತ್ತಿಗೆ 24 ಮಂದಿ ಇಳಿದರು. ಮುಖ್ಯೋಪಾಧ್ಯಾಯರು ಹಾಜರಿ ನೋಡಿ ಮೆಚ್ಚಿದರು, ನಾನೂ ಬೀಗಿದೆ.

ಪಿನ್ನಿನ ಘಟನೆಯಾದ ಮೇಲೆ ಆ ಹಾಜರಿಯ ಮೇಲೆ ಅನುಮಾನ ಬಂತು. ಮುಂದಿನ ಅವಧಿಯಲ್ಲಿ ಸೀಟಿಯನ್ನು ಇನ್ನೊಬ್ಬಳಿಗೆ ಕೊಟ್ಟು, ನೋಟ್‌ಬುಕ್ ಹಿಡಿದು ಕೂತೆ. ಖೋ-ಖೋ ಬಲ್ಲವರಿಗೆ ಗೊತ್ತು: ಎಂಟು ಮಂದಿ ಚೇಸರ್‌ಗಳು ನಡುಪಟ್ಟಿಯ ಚೌಕಗಳಲ್ಲಿ ಒಬ್ಬರು ಬಿಟ್ಟು ಒಬ್ಬರು ಎದುರುಬದುರು ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ. ನಡುಪಟ್ಟಿ ದಾಟುವಂತಿಲ್ಲವಾದ್ದರಿಂದ ಓಟಗಾರ್ತಿ ಆಚೆ ಬದಿಗೆ ನುಸುಳಿದ ಕೂಡಲೇ ಆ ಬದಿಗೆ ಮುಖ ಮಾಡಿದವಳಿಗೆ ಹಿಂದಿನಿಂದ ಖೋ ಕೊಡಬೇಕು. ಆಟದ ಜೀವವೇ ಈ ಏಳುವುದು, ಕೂರುವುದು. ಹಾಗಾಗಿ ಯಾರು ಅಂಕಣದಲ್ಲಿದ್ದಾರೆ ಎನ್ನುವುದನ್ನು ಬಿಟ್ಟು, ಯಾರಿಗೆ ಎಷ್ಟು ಖೋ ಬಂತು ಎಂದು ಗೀಟು ಹಾಕುತ್ತಾ ಹೋದೆ. ಏಳು ನಿಮಿಷದ ಒಂದು ಸರದಿಯಲ್ಲಿ 44 ಖೋ. ಅದರಲ್ಲಿ 31 ಮೂರೇ ಹುಡುಗಿಯರಿಗೆ. ಇನ್ನು ಮೂವರಿಗೆ ಒಂದೂ ಇಲ್ಲ. ಏಳು ನಿಮಿಷ ಕುಕ್ಕರಗಾಲಿನಲ್ಲಿ ಕೂತು ಎದ್ದು ಹೋದರು, ನನ್ನ ಪುಸ್ತಕದಲ್ಲಿ ‘ಹಾಜರು’.

ಚುರುಕಾಗಿ ಓಡುವ ಒಬ್ಬಳನ್ನು ಪಕ್ಕಕ್ಕೆ ಕರೆದು, ಅವರಿಗೇಕೆ ಕೊಡಲಿಲ್ಲ ಎಂದೆ. ‘ಕೊಡಬೇಡ ಅಂತ ಆಟಕ್ಕೆ ಮೊದಲೇ ಹೇಳಿರುತ್ತಾರೆ ಮಿಸ್’ ಎಂದಳು. ಅದೊಂದು ಒಪ್ಪಂದ. ನನ್ನ ಅಂಕದ ಭಯವನ್ನು ಅವರು ಎಷ್ಟು ಸಲೀಸಾಗಿ ನಿಭಾಯಿಸಿದ್ದರು!

ಮರುದಿನ ವಿಜ್ಞಾನದ ಮೇಡಂ ಜೊತೆ ಸೇರಿ ಹುಡುಗಿಯರಿಗೆ ಚೀಟಿ ಹಂಚಿದೆವು. ಹೆಸರು ಬೇಡ, ‘ಆಟದ ಅವಧಿಯಲ್ಲಿ ನಿನಗೆ ಕಷ್ಟವಾಗುವುದು ಏನು’ ಎಂಬುದಷ್ಟೇ ಪ್ರಶ್ನೆ. ನಾನು ನಿರೀಕ್ಷಿಸಿದ್ದು ಬಿಸಿಲು, ಸುಸ್ತು, ಮುಟ್ಟು. ಮುಟ್ಟಿನ ಮಾತು ಇತ್ತು, ಆದರೆ ನಾಲ್ಕೈದು ಚೀಟಿಗಳಲ್ಲಿ ಮಾತ್ರ. ಅವರು ಬರೆದದ್ದೂ ನೋವಿನ ಬಗ್ಗೆ ಕಡಿಮೆ, ‘ಎಲ್ಲರ ಮುಂದೆ ಕೇಳುತ್ತೀರಿ’ ಎಂದು ನನ್ನ ಬಗ್ಗೆ ಹೆಚ್ಚು. ಉಳಿದವು ಬಟ್ಟೆಯ ದೂರುಗಳು. ಪ್ಯಾಂಟಿನ ಲಾಡಿ ಓಡುವಾಗ ಸಡಿಲವಾಗುತ್ತದೆ, ಒಂದು ಕೈ ಸೊಂಟದ ಮೇಲೇ ಇರಬೇಕು. ಕೂತು ಏಳುವಾಗ ಟಾಪಿನ ಹಿಂಭಾಗ ಹಿಮ್ಮಡಿಗೆ ಸಿಕ್ಕಿ ಮುಗ್ಗರಿಸುತ್ತೇನೆ. ಬೆವರಿದರೆ ಬಟ್ಟೆ ಮೈಗೆ ಅಂಟುತ್ತದೆ, ಆಮೇಲೆ ಅದೇ ಬಟ್ಟೆಯಲ್ಲಿ ಗಣಿತದ ತರಗತಿಯಲ್ಲಿ ಕೂರಬೇಕು. ಓಡುವುದಕ್ಕೆ ಸರಿಯಾದ ಒಳಉಡುಪು ಇಲ್ಲ. ಒಂದು ಚೀಟಿಯಲ್ಲಿ ಒಂದೇ ಸಾಲು: ‘ರಸ್ತೆಗೆ ಬೆನ್ನು ಹಾಕಿ ಕೂರಲು ಆಗುವುದಿಲ್ಲ.’

ಈ ಸಾಲು ನನಗೆ ಮೊದಲು ಅರ್ಥವಾಗಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಅಂಕಣಕ್ಕೆ ಹೋಗಿ, ನಾನೇ ಚೌಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ನಮ್ಮ ಮೈದಾನದ ಉತ್ತರಕ್ಕೆ ರಸ್ತೆ. ನಡುವೆ ಮೊಣಕಾಲೆತ್ತರದ ಕಾಂಪೌಂಡ್. ಕಬ್ಬಿನ ಟ್ರ್ಯಾಕ್ಟರುಗಳು ಅಲ್ಲೇ ಓಡಾಡುತ್ತವೆ, ಮೋರಿಕಟ್ಟೆಯ ಮೇಲೆ ಊರಿನ ಪಡ್ಡೆಗಳು ಕೂತಿರುತ್ತಾರೆ. ನಡುಪಟ್ಟಿಯನ್ನು ನಾನು ರಸ್ತೆಗೆ ಸಮಾನಾಂತರವಾಗಿ ಎಳೆದಿದ್ದೆ, ಮೈದಾನ ಆ ಕಡೆಗೆ ಉದ್ದವಿದೆಯೆಂದು. ಅಂದರೆ ಎಂಟರಲ್ಲಿ ನಾಲ್ವರ ಬೆನ್ನು ಯಾವಾಗಲೂ ರಸ್ತೆಗೆ. ಬಾಗಿ ಕೂತಾಗ ಸೀಳಿರುವ ಟಾಪು ಹಿಂದೆ ಮೇಲೇರುತ್ತದೆ. ಎಳೆದುಕೊಳ್ಳೋಣವೆಂದರೆ ಕೈ ನೆಲದ ಮೇಲಿರಬೇಕು. ತಿರುಗಿ ನೋಡೋಣವೆಂದರೆ ಆಟ ಮುಂದೆ ನಡೆಯುತ್ತಿದೆ. ಬೇರೆ ಆಟದಲ್ಲಾದರೆ ನೋಡುವವರ ಕಡೆಗೆ ಮುಖ ಮಾಡಿಯೋ ಜಾಗ ಬದಲಿಸಿಯೋ ಪಾರಾಗಬಹುದು. ಖೋ-ಖೋದಲ್ಲಿ ದಿಕ್ಕನ್ನು ನಿಯಮವೇ ಕಟ್ಟಿಹಾಕುತ್ತದೆ. ಪ್ರತಿ ಸಲ ಆಟಕ್ಕೆ ಮೊದಲು ಚೌಕಗಳಿಗಾಗಿ ಅವರು ನಡೆಸುತ್ತಿದ್ದ ತಳ್ಳಾಟವನ್ನು ನಾನು ಚೇಷ್ಟೆಯೆಂದುಕೊಂಡಿದ್ದೆ. ಖೋ ಬಾರದ ಮೂವರಲ್ಲಿ ಇಬ್ಬರು ಕೂತಿದ್ದು ರಸ್ತೆಗೆ ಬೆನ್ನಾಗುವ ಚೌಕಗಳಲ್ಲೇ ಎಂಬುದು ನೋಟ್‌ಬುಕ್ಕಿನಲ್ಲಿ ಆಮೇಲೆ ಕಂಡಿತು.

ಶನಿವಾರ ಸುಣ್ಣದ ಪುಡಿ ಹಿಡಿದು ಅಂಕಣವನ್ನು ಅಡ್ಡಕ್ಕೆ ತಿರುಗಿಸಿದೆ. ಈಗ ಒಂದು ಕಂಬ ರಸ್ತೆಯ ಕಡೆ, ಇನ್ನೊಂದು ಕಟ್ಟಡದ ಕಡೆ. ಕೂತವರ ಮುಖ ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ. ಪೂರ್ವಕ್ಕೆ ಕಬ್ಬಿನ ಗದ್ದೆ, ಪಶ್ಚಿಮಕ್ಕೆ ಶೌಚಾಲಯದ ಗೋಡೆ. ರಸ್ತೆಯವರಿಗೆ ಕಾಣುವುದು ಸಾಲಾಗಿ ಕೂತವರ ಪಕ್ಕ ಮಾತ್ರ. ಹಿರಿಯರ ಅಂಕಣದ 27 ಮೀಟರ್ ಉದ್ದ ಈ ಕಡೆಗೆ ಹಿಡಿಸುವುದಿಲ್ಲ, ಧ್ವಜಸ್ತಂಭದ ಕಟ್ಟೆ ಅಡ್ಡ. ಚೌಕಗಳ ನಡುವಿನ ಅಂತರ ತಗ್ಗಿಸಿದೆ. ಪಂದ್ಯಕ್ಕೆ ಇದು ಸಲ್ಲದು, ಪಾಠಕ್ಕೆ ಸಾಕು.

ನಮ್ಮ ಹುಡುಗರ ವಿಷಯ ಹೇಳಲೇಬೇಕು. ಅವರು ದುಷ್ಟರಲ್ಲ, ಕೆಲಸವಿಲ್ಲದವರು. ನಲವತ್ತು ಹುಡುಗರಿಗೆ ಒಂದು ವಾಲಿಬಾಲ್ ಕೊಟ್ಟರೆ ಇಪ್ಪತ್ತೆಂಟು ಮಂದಿ ಪ್ರೇಕ್ಷಕರಾಗುತ್ತಾರೆ, ನೋಡುವುದಕ್ಕೆ ಪಕ್ಕದಲ್ಲೇ ಖೋ-ಖೋ ಇದೆ. ಇನ್ನೆರಡು ಚೆಂಡು ತರಿಸಿ ಅವರನ್ನು ಕಟ್ಟಡದ ಹಿಂಭಾಗಕ್ಕೆ ಕಳಿಸಿದೆ. ಅರ್ಧ ಸಮಸ್ಯೆ ಅಲ್ಲಿಗೆ ಕರಗಿತು.

ಬಟ್ಟೆಯದು ಇಷ್ಟು ಸುಲಭವಾಗಲಿಲ್ಲ. ಮೊದಲ ಉಪಾಯವಾಗಿ ಪ್ರಯೋಗಾಲಯದ ಕಿಟಕಿಗೆ ಪೇಪರ್ ಅಂಟಿಸಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿ, ಅಲ್ಲೇ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಬದಲಿಸಲಿ ಎಂದೆ. ನಲವತ್ತು ನಿಮಿಷದ ಅವಧಿಯಲ್ಲಿ ಹೋಗಿ ಬದಲಿಸಿ ಬರಲು ಹನ್ನೊಂದು ನಿಮಿಷ, ಮುಗಿದ ಮೇಲೆ ಮತ್ತೆ ಅಷ್ಟೇ. ಆಟಕ್ಕೆ ಉಳಿದದ್ದು ಹದಿನೆಂಟು. ಅಲ್ಲದೆ ಒಬ್ಬರ ಮುಂದೆ ಒಬ್ಬರು ಬದಲಿಸಲು ಸಂಕೋಚ. ಮೇಜಿನ ಹಿಂದಿನ ಮೂಲೆಗೆ ಸರದಿ ನಿಂತಿದ್ದರು. ಕೊನೆಗೆ ದಾರಿ ತೋರಿಸಿದ್ದು ಹುಡುಗಿಯರೇ. ಆಟದ ಎರಡು ದಿನ ಚೂಡಿದಾರದ ಪ್ಯಾಂಟಿಗೆ ಬದಲು ಕಡುನೀಲಿ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಮೇಲೆ ಸಮವಸ್ತ್ರದ ಟಾಪನ್ನೇ ಹಾಕಿ ಮನೆಯಿಂದ ಬರುವುದು. ಇಲ್ಲಿ ಟಾಪು ಮಾತ್ರ ತೆಗೆದು, ಒಳಗೆ ಹಾಕಿರುವ ಉದ್ದನೆಯ ಟೀ ಶರ್ಟಿನಲ್ಲಿ ಇಳಿಯುವುದು. ಮೂರು ನಿಮಿಷ. ಮುಗಿದ ಮೇಲೆ ಬೆವರು ಮೆತ್ತಿದ್ದು ಟೀ ಶರ್ಟಿಗೆ. ಅದನ್ನು ಕಳಚಿ ಒಣ ಟಾಪು ಹಾಕಿಕೊಂಡು ಗಣಿತಕ್ಕೆ. ಪ್ಯಾಂಟನ್ನು ಲಾಡಿಯಿಲ್ಲದೆ ಇಲಾಸ್ಟಿಕ್ ಹಾಕಿ ಊರಿನ ದರ್ಜಿ ಹೆಂಗಸು ಹೊಲಿದುಕೊಟ್ಟರು, ಬಟ್ಟೆಯ ಖರ್ಚನ್ನು ಎಸ್‌ಡಿಎಂಸಿ ಸದಸ್ಯರೊಬ್ಬರು ವಹಿಸಿದರು. ಒಳಉಡುಪಿನ ಮಾತನ್ನು ತಾಯಂದಿರ ಸಭೆಯಲ್ಲಿ ಬಾಗಿಲು ಹಾಕಿ ವಿಜ್ಞಾನದ ಮೇಡಂ ಹೇಳಿದರು. ವೇಲು ಮೈದಾನದಲ್ಲಿ ಬೇಡ, ಪಿನ್ನಂತೂ ಬೇಡವೇ ಬೇಡ.

ವೇಲು ಬೇಡ ಎಂದದ್ದಕ್ಕೆ ಒಬ್ಬಳ ಅಜ್ಜಿ ಶಾಲೆಗೇ ಬಂದರು. ‘ಮೈನೆರೆದ ಹುಡುಗಿ, ವೇಲಿಲ್ಲದೆ ಬಯಲಲ್ಲಿ ಕುಣಿದರೆ ಊರವರು ಏನೆಂದಾರು ಅವ್ವ?’ ನಾನು ಆಟದಿಂದಾಗುವ ಪ್ರಯೋಜನ ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಅವರ ಪ್ರಶ್ನೆ ಅದಲ್ಲ. ಅಂಕಣದ ಹತ್ತಿರ ಕರೆದೊಯ್ದು ರಸ್ತೆಯ ಕಡೆಯಿಂದ ಏನು ಕಾಣುತ್ತದೆ ನೋಡಿ ಎಂದೆ. ಅಜ್ಜಿ ಕಾಂಪೌಂಡ್ ದಾಟಿ ಮೋರಿಕಟ್ಟೆಯ ಬಳಿ ಹೋಗಿ, ಸೆರಗನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ವಾಪಸು ಬಂದು ‘ಟೀ ಶರ್ಟು ಇನ್ನು ನಾಲ್ಕು ಬೆರಳು ಉದ್ದವಿರಲಿ’ ಎಂದರು. ನಾಲ್ಕು ಬೆರಳು ಉದ್ದದ್ದು ಕೊಡಿಸಿದೆವು. ಇನ್ನೊಂದು ಮನೆಯಲ್ಲಿ ಇಷ್ಟೂ ಆಗಲಿಲ್ಲ. ಆ ಹುಡುಗಿ ಇಂದಿಗೂ ಆಟಕ್ಕೆ ಇಳಿಯದೆ ಪಂದ್ಯದ ಅಂಕ ಬರೆಯುತ್ತಾಳೆ, ಚೆನ್ನಾಗಿಯೇ ಬರೆಯುತ್ತಾಳೆ. ಅವಳ ಹೆಸರನ್ನು ನಾನು ಆಡಿದವರ ಪಟ್ಟಿಯಲ್ಲಿ ಸೇರಿಸುವುದಿಲ್ಲ.

ಮುಟ್ಟಿನ ದಿನಗಳಿಗೆ ಮಾಡಿದ ಏರ್ಪಾಡು ಚಿಕ್ಕದು. ಕಾರಣ ಕೇಳುವುದನ್ನು ನಿಲ್ಲಿಸಿದೆ. ಸೀಟಿ, ಗಡಿಯಾರ, ಅಂಕಪಟ್ಟಿ, ಈ ಮೂರು ಮೇಜಿನ ಮೇಲಿರುತ್ತವೆ. ಬೇಕಾದವರು ಬಂದು ಎತ್ತಿಕೊಳ್ಳಬಹುದು. ಎಲ್ಲರೂ ಎತ್ತಿಕೊಂಡಾರೆಂದು ಹೆದರಿದ್ದೆ. ಮೇಜು ಖಾಲಿಯಾದ ದಿನ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮತ್ತೆ ಏಳು ನಿಮಿಷ ಗೀಟು ಹಾಕಿದೆ. ಒಟ್ಟು 41, ಮೊದಲಿಗಿಂತ ಮೂರು ಕಡಿಮೆ. ಆಟ ನಿಧಾನವಾಗಿತ್ತು, ಹೊಸಬರು ತಪ್ಪು ದಿಕ್ಕಿಗೆ ಎದ್ದು ಫೌಲ್ ಮಾಡುತ್ತಿದ್ದರು. ಆದರೆ ಒಂಬತ್ತು ಮಂದಿಯಲ್ಲಿ ಅತಿ ಕಡಿಮೆ ಖೋ ಬಂದವಳಿಗೂ ಎರಡು ಬಂದಿದ್ದವು.

ಹೋಬಳಿ ಮಟ್ಟದ ಕ್ರೀಡಾಕೂಟದ ಅಂಕಣ ಬೇರೆ ಶಾಲೆಯದು, ಸುತ್ತ ಜನ, ಶಾಮಿಯಾನ, ಮೈಕು. ಅಲ್ಲಿ ನನ್ನ ಗೆರೆ ನಡೆಯುವುದಿಲ್ಲ. ಹನ್ನೆರಡರಲ್ಲಿ ಇಬ್ಬರು ಹೋಗುವುದಿಲ್ಲವೆಂದರು, ಒತ್ತಾಯಿಸಲಿಲ್ಲ. ಹತ್ತು ಮಂದಿಯೊಂದಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದೆವು.

ಆ ವಾರ ಮಳೆ ಬಂದು ಮೈದಾನದ ಗೆರೆ ಅಳಿಸಿತ್ತು. ನಾನು ತರಬೇತಿಗೆ ಹೋಗಿದ್ದಾಗ ಸಹೋದ್ಯೋಗಿಯೊಬ್ಬರು ಉಪಕಾರವೆಂದು ಅಂಕಣವನ್ನು ಹಳೆಯಂತೆ ರಸ್ತೆಯ ಉದ್ದಕ್ಕೆ ಎಳೆದಿಟ್ಟರು. ಸೋಮವಾರ ನಾನು ಮೈದಾನಕ್ಕೆ ಬರುವಷ್ಟರಲ್ಲಿ ಕೂಟಕ್ಕೆ ಬಾರದಿದ್ದ ಇಬ್ಬರಲ್ಲಿ ಒಬ್ಬಳು ಕಾಲಿನಿಂದ ಗೆರೆ ಅಳಿಸುತ್ತಿದ್ದಳು, ಇನ್ನೊಬ್ಬಳು ಹಗ್ಗದ ತುದಿಯನ್ನು ಧ್ವಜಸ್ತಂಭದ ಕಟ್ಟೆಗೆ ಒತ್ತಿ ಹಿಡಿದು ‘ಇಲ್ಲಿಂದ ಎಷ್ಟು ಮಿಸ್?’ ಎಂದು ಕೇಳಿದಳು.