ಮುಖ ನಂದು, ತೋಳು ನಂದಲ್ಲ

ಆ ರಿವ್ಯೂ ಕಾಲ್ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮದು ಬಟ್ಟೆ ಕ್ಯಾಟಲಾಗ್ ಮಾಡಿಕೊಡುವ ಸಣ್ಣ ಸ್ಟುಡಿಯೋ. ನಾನು 11 ವರ್ಷ ರೀಟಚಿಂಗ್ ಮಾಡಿದವನು. ಈಗ ಅರ್ಧ ದಿನ ಫೋಟೋಶಾಪ್, ಅರ್ಧ ದಿನ ಹೇಳಿದ ಚಿತ್ರ ಬರೆದುಕೊಡುವ ಎಐ ಸ್ಟೇಬಲ್ ಡಿಫ್ಯೂಷನ್. ಒಂದು ಪ್ಲಸ್ ಸೈಜ್ ಬ್ರ್ಯಾಂಡಿನಿಂದ 24 ಡಿಸೈನ್ ಬಂದವು. ಯಾವುದೂ ಇನ್ನೂ ಹೊಲಿದಿರಲಿಲ್ಲ. ಸ್ಕೆಚ್ ಮತ್ತು ಬಟ್ಟೆಯ ತುಂಡು ಅಷ್ಟೇ ಇತ್ತು. ಬಯರ್‌ಗೆ ತೋರಿಸಲು ಚಿತ್ರ ಬೇಕಿತ್ತು. ನಮ್ಮ ಮ್ಯಾನೇಜರ್ ಎಂದಿನಂತೆ, "ಒಂದೇ ಶೂಟ್ ಸಾಕು, ಮಿಕ್ಕಿದ್ದು ಜನರೇಟ್ ಮಾಡ್ಬಿಡಿ" ಅಂದರು. ಕೈಗೆ ಸಿಕ್ಕ ಒಂದು ಸ್ಟ್ರೇಟ್ ಕುರ್ತಾ ಹಾಕಿಸಿ ಮಾಡೆಲ್ ಫೋಟೋ ತೆಗೆದೆವು. ಪಕ್ಕದಲ್ಲಿ ಸ್ಲಿಟ್, ಮುಕ್ಕಾಲು ತೋಳು. ಎಡವಟ್ಟು ಅಲ್ಲೇ ಶುರುವಾಯಿತು.

ಮೊದಲ ಸುತ್ತಿನಲ್ಲಿ ಇಡೀ ಫೋಟೋಗೆ ಕಂಟ್ರೋಲ್‌ನೆಟ್‌ನ `canny` ಹಾಕಿದೆ. ಕಂಟ್ರೋಲ್‌ನೆಟ್ ಹೊಸ ಚಿತ್ರವನ್ನು ಫೋಟೋದ ಆಕಾರಕ್ಕೆ ಕಟ್ಟಿಹಾಕುತ್ತದೆ, ಕ್ಯಾನಿ ಅದಕ್ಕೆ ಫೋಟೋದ ಅಂಚುಗಳನ್ನು ಗೆರೆಯಾಗಿ ತೆಗೆದುಕೊಡುತ್ತದೆ, `Control Weight` 1. ಬಟ್ಟೆ ಮೈಗೆ ಕಚ್ಚಿಕೊಂಡು ಕೂರಲಿ ಅಂತ. ಕೂತಿತು, ಆದರೆ ಹಳೆ ಕುರ್ತಾದ ಮೇಲೆ. ಅನಾರ್ಕಲಿ ಕೇಳಿದರೆ ಘೇರು ಬರಲೇ ಇಲ್ಲ, ಸ್ಟ್ರೇಟ್ ಕುರ್ತಾದ ಅಂಚಿಗೇ ನಿಂತುಬಿಟ್ಟಿತು. ಸ್ಲಿಟ್ ಇದ್ದ ಕಡೆ ಉದ್ದಕ್ಕೂ ಜರಿ ಪೈಪಿಂಗ್ ಬಂತು. ಸ್ಲೀವ್‌ಲೆಸ್ ಕೇಳಿದರೆ ಮುಂಗೈ ಮೇಲೆ ಒಂದು ಕಡಗ! ಹಳೆ ತೋಳಿನ ಅಂಚು ಅದು. ಕ್ಯಾನಿಗೆ ಗೊತ್ತಿರುವುದು ಗೆರೆ ಮಾತ್ರ. ಆ ಗೆರೆ ಮೈಯದೋ ಬಟ್ಟೆಯದೋ ಅದಕ್ಕೆ ಬೇಕಿಲ್ಲ. ಗೆರೆ ಕೊಟ್ಟ ಮೇಲೆ ಅಲ್ಲಿ ಏನಾದರೊಂದು ಇಟ್ಟೇ ಇಡುತ್ತದೆ.

ಸಿಟ್ಟು ಬಂದು ಕ್ಯಾನಿ ಕಿತ್ತುಹಾಕಿ ಬರೀ `openpose_full` ಇಟ್ಟೆ. ಅದು ಮೈಯ ಕೀಲುಗಳಿಗೆ ಚುಕ್ಕಿ ಇಟ್ಟು, ಕಡ್ಡಿಗಳಿಂದ ಜೋಡಿಸಿ ಒಂದು ಸ್ಕೆಲಿಟನ್ ಮಾಡುತ್ತದೆ. ಕತ್ತಿನಿಂದ ಕೆಳಗೆ ಪೂರ್ತಿ ಮಾಸ್ಕ್, ಡಿನಾಯ್ಸಿಂಗ್ 1, ಅಂದರೆ ಅಷ್ಟು ಭಾಗ ಪೂರ್ತಿ ಹೊಸದಾಗಿ ಜನರೇಟ್. ಆಹಾ, ಅನಾರ್ಕಲಿ ಛತ್ರಿಯ ಹಾಗೆ ಬಿಚ್ಚಿಕೊಂಡಿತು. ಬೆರಳು ಸರಿ, ಪಾದ ಸರಿ. ಅನುಮಾನ ಇರಬಾರದು ಅಂತ ಪ್ರತಿ ಚಿತ್ರದ ಮೇಲೂ ಸ್ಕೆಲಿಟನ್ ಇಟ್ಟು ನೋಡಿದೆ. ಭುಜದ ಚುಕ್ಕಿ ಭುಜದ ಮೇಲೆ, ಮೊಣಕೈ ಚುಕ್ಕಿ ಮೊಣಕೈ ಮೇಲೆ. ರಾತ್ರಿ 8ಕ್ಕೆ 24 ಚಿತ್ರ ಕಳಿಸಿ, ಒಂದು ಚಹಾ ಕುಡಿದು ಮನೆಗೆ ಹೋದೆ.

ಮರುದಿನದ ಕಾಲ್‌ಗೆ ಮಾಡೆಲ್ ಕೂಡ ಬಂದಿದ್ದರು. ಅವರ ಮೈ ಮೇಲೆ ಬಟ್ಟೆ ಜನರೇಟ್ ಮಾಡಿದರೆ ಅವರ ಒಪ್ಪಿಗೆ ಬೇಕು ಅಂತ ಕಾಂಟ್ರ್ಯಾಕ್ಟ್‌ನಲ್ಲೇ ಇತ್ತು. ಬ್ರ್ಯಾಂಡಿನ ಮರ್ಚಂಡೈಸರ್ ಮೇಡಂ ಒಂದೊಂದೇ ಚಿತ್ರ ತೆರೆದರು. ನಾಲ್ಕು ಚಿತ್ರದವರೆಗೆ ಯಾರೂ ಮಾತಾಡಲಿಲ್ಲ. ಇಷ್ಟ ಆಗಿದೆ ಅಂದುಕೊಂಡೆ. ಐದನೆಯದಕ್ಕೆ ಮಾಡೆಲ್ ಮೆಲ್ಲಗೆ, "ಸರ್, ಮುಖ ನಂದು. ತೋಳು ನಂದಲ್ಲ" ಅಂದರು.

ಆಗಲಾದರೂ ಬಾಯಿ ಮುಚ್ಚಿಕೊಂಡು ಚಿತ್ರ ನೋಡಬೇಕಿತ್ತು. ನಾನು ಮಹಾ ಬುದ್ಧಿವಂತ. "ಪೋಸ್ ಪಕ್ಕಾ ಮ್ಯಾಚ್ ಆಗಿದೆ ಮೇಡಂ, ತೋರಿಸ್ತೀನಿ ಇರಿ" ಅಂತ ಸ್ಕ್ರೀನ್ ಶೇರ್ ಮಾಡಿ, ಬಣ್ಣಬಣ್ಣದ ಕಡ್ಡಿಗಳ ಸ್ಕೆಲಿಟನ್ ತೋರಿಸಿದೆ. ಸ್ವಂತ ಮೈ ಬಗ್ಗೆ ಹೇಳುತ್ತಿರುವ ಹೆಂಗಸಿಗೆ ಕಡ್ಡಿ ತೋರಿಸಿ ವಾದ! ಮರ್ಚಂಡೈಸರ್ ಮೇಡಂ ತಡೆದರು. "ಸಾಕು ನಿಲ್ಸಿ. ಈ ಚಿತ್ರದಲ್ಲಿರೋರಿಗೆ ಮೀಡಿಯಂ ಸಾಕಾಗುತ್ತೆ. ನಾವು ಮಾರ್ತಿರೋದು ತ್ರೀ ಎಕ್ಸ್ಎಲ್ ಕಣ್ರೀ." ನಮ್ಮ ಮ್ಯಾನೇಜರ್ ಅಷ್ಟರಲ್ಲಿ ಮ್ಯೂಟ್ ಆಗಿದ್ದರು.

ಕಾಲ್ ಮುಗಿದ ಮೇಲೆ ಫೋಟೋಶಾಪ್‌ನಲ್ಲಿ ಅಳೆದೆ. ಮುಖ ಮಾಸ್ಕ್‌ನ ಹೊರಗಿತ್ತು, ಹಾಗಾಗಿ ಅದು ಬದಲಾಗಿರಲಿಲ್ಲ. ಫೋಟೋದಲ್ಲಿ ಒಂದು ತೋಳಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಮುಖದ ಅಗಲದ 2.9 ಪಟ್ಟು. ನನ್ನ ಚಿತ್ರದಲ್ಲಿ 2.3. ಓಪನ್‌ಪೋಸ್ ಮೈಗೆ ಕೊಡುವುದು 18 ಚುಕ್ಕಿ. ಭುಜದ ಚುಕ್ಕಿ ಕೂರುವುದು ಕೀಲಿನ ಮೇಲೆ, ತೋಳಿನ ಅಂಚಿನ ಮೇಲಲ್ಲ. ತೆಳ್ಳಗಿದ್ದವರಿಗೂ ದಪ್ಪಗಿದ್ದವರಿಗೂ ಕಡ್ಡಿಯ ದಪ್ಪ ಒಂದೇ. ಕೀಲಿನ ಸುತ್ತ ಎಷ್ಟು ಮಾಂಸ ಅನ್ನುವುದನ್ನು ಸ್ಟೇಬಲ್ ಡಿಫ್ಯೂಷನ್ ತನ್ನ ರೂಢಿಯಂತೆ ತುಂಬಿಕೊಂಡಿತ್ತು. ನಾನು ಪರೀಕ್ಷೆ ಮಾಡಿದ್ದೂ ನಾನೇ ಕೊಟ್ಟ ಚುಕ್ಕಿಗಳನ್ನು. ಅವು ತಪ್ಪುವುದಾದರೂ ಹೇಗೆ?

ಮತ್ತೆ ಅರ್ಧ ಗಂಟೆ ಶೂಟ್ ಬೇಕು ಅಂದೆ. ಮ್ಯಾನೇಜರ್ ಲೈಟಿನ ಬಾಡಿಗೆಯ ಲೆಕ್ಕ ಹೇಳಿದರು, ಕೇಳಿಸಿಕೊಂಡೆ. ಈ ಸಲ ಮಾಡೆಲ್‌ಗೆ ಮೈಗಂಟುವ ಸ್ಲೀವ್‌ಲೆಸ್ ಟಾಪ್ ಮತ್ತು ಲೆಗ್ಗಿಂಗ್ಸ್. ಆ ಫೋಟೋದ ಕ್ಯಾನಿ ಗೆರೆಗಳನ್ನು ಫೋಟೋಶಾಪ್‌ಗೆ ತಂದು, ಕಪ್ಪು ಬ್ರಷ್‌ನಿಂದ ಟಾಪಿನ ಕತ್ತು, ಹೊಲಿಗೆ, ಸುಕ್ಕು ಎಲ್ಲ ಅಳಿಸಿದೆ. ಉಳಿಸಿದ್ದು ಭುಜ, ತೋಳು, ಬೆರಳು, ಸೊಂಟದವರೆಗಿನ ಹೊರಗೆರೆ ಮಾತ್ರ. ಅನಾರ್ಕಲಿಗೆ ಸೊಂಟದ ಕೆಳಗೆ ಏನೂ ಇಡಲಿಲ್ಲ. ಅಲ್ಲಿ ಬಟ್ಟೆ ಮೈ ಬಿಟ್ಟು ಹರಡಬೇಕು ತಾನೇ? ಸ್ಕೆಚ್ ನೋಡಿಕೊಂಡು ಘೇರಿಗೆ ಎರಡು ಬಿಳಿ ಗೆರೆ ಕೈಯಲ್ಲೇ ಎಳೆದೆ.

ಅಪ್‌ಲೋಡ್ ಮಾಡುವಾಗ, ಚಿತ್ರದಿಂದ ಗೆರೆ ತೆಗೆಯುವ `Preprocessor` ಅನ್ನು `none` ಮಾಡಲು ಮರೆತು ಒಂದು ಗಂಟೆ ಹಾಳಾಯಿತು. ತಯಾರಾದ ಗೆರೆಯ ಮೇಲೆ ಕ್ಯಾನಿ ಮತ್ತೆ ಓಡಿದರೆ ಒಂದೊಂದು ಗೆರೆಗೂ ಎರಡೆರಡು ಅಂಚು ಬರುತ್ತದೆ. ತೋಳಿಗೆಲ್ಲ ಬಾರ್ಡರ್ ಹೊಲಿದ ಹಾಗೆ ಕಾಣುತ್ತಿತ್ತು. ಕೊನೆಗೆ ಕುದುರಿದ್ದು ಹೀಗೆ: ಕ್ಯಾನಿ 0.8, `Ending Control Step` 0.6, ಅಂದರೆ ನೂರಕ್ಕೆ 60 ಹಂತ ಮುಗಿದ ಮೇಲೆ ಕ್ಯಾನಿಯ ಹಿಡಿತ ಇಲ್ಲ. ಕಾಲು ಮತ್ತು ಕೈಬೆರಳಿಗಾಗಿ ಎರಡನೇ ಯೂನಿಟ್‌ನಲ್ಲಿ ಓಪನ್‌ಪೋಸ್ 0.7. ಕ್ಯಾನಿಯನ್ನು ಕೊನೆಯವರೆಗೂ ಬಿಟ್ಟರೆ ಅಂಚು ಕತ್ತರಿಸಿ ಅಂಟಿಸಿದಂತೆ ಗಟ್ಟಿಯಾಗುತ್ತಿತ್ತು.

ಆದರೂ ಕುರ್ತಾ ಈಜುಡುಗೆಯ ಹಾಗೆ ಮೈಗೆ ಅಂಟಿತ್ತು. ಇದನ್ನು ಬಿಡಿಸಿ ಹೇಳಿದ್ದು ಅದೇ ಮರ್ಚಂಡೈಸರ್ ಮೇಡಂ. "ಲೂಸ್ ಎಲ್ಲಿ ಬಿಟ್ರಿ? ಎದೆ ಸುತ್ತ 3 ಇಂಚು ಲೂಸ್ ಇದೆ ಈ ಪ್ಯಾಟರ್ನ್‌ಗೆ." ಸುತ್ತಳತೆಯಲ್ಲಿ 3 ಇಂಚು ಅಂದರೆ ಎದುರಿನಿಂದ ನೋಡಿದಾಗ ಒಂದೊಂದು ಬದಿಗೆ ಸುಮಾರು ಅರ್ಧ ಇಂಚು. ನಮ್ಮ ಚಿತ್ರದ ಎತ್ತರ 1152 ಪಿಕ್ಸೆಲ್. ಅದರಲ್ಲಿ ಐದೂವರೆ ಅಡಿಯ ಹೆಂಗಸು ಸುಮಾರು 1000 ಪಿಕ್ಸೆಲ್. ಅರ್ಧ ಇಂಚಿಗೆ 8 ಪಿಕ್ಸೆಲ್ ಹತ್ತಿರ ಬರುತ್ತದೆ. ಎದೆ, ಹೊಟ್ಟೆಯ ಗೆರೆಯನ್ನು ಅಷ್ಟು ಹೊರಗೆ ಸರಿಸಿದೆ. ಎಂಟು ಪಿಕ್ಸೆಲ್‌ನಲ್ಲಿ ಅದು ಬಟ್ಟೆಯಾಯಿತು.

ಕೈ ಕಟ್ಟಿ ನಿಂತ ಪೋಸಿನಲ್ಲಿ ಮಾತ್ರ ಏನು ಮಾಡಿದರೂ ಆಗಲಿಲ್ಲ. ಓಪನ್‌ಪೋಸ್ ಎಡ ಬಲ ಕೈ ಅದಲುಬದಲು ಮಾಡುತ್ತಿತ್ತು. ಆ ಪೋಸನ್ನೇ ಕೈಬಿಟ್ಟೆವು. ಜಾರ್ಜೆಟ್ ಬೀಳುವ ರೀತಿ, ಹತ್ತಿ ನಿಲ್ಲುವ ರೀತಿ ಯಾವ ಗೆರೆಯಲ್ಲೂ ಬರುವುದಿಲ್ಲ. ಅದಕ್ಕೆ ಪ್ರಾಂಪ್ಟ್ ಜೊತೆ ಸುಮ್ನೆ ಗುದ್ದಾಡಬೇಕು.

ಎರಡನೇ ಕಾಲ್‌ನಲ್ಲಿ ನಾನು ಸ್ಕೆಲಿಟನ್ ತೆರೆಯಲಿಲ್ಲ. ಫೋಟೋ ಮೇಲೆ ಜನರೇಟ್ ಆದದ್ದನ್ನು ಅರ್ಧ ಪಾರದರ್ಶಕ ಮಾಡಿ ಇಟ್ಟು ತೋರಿಸಿದೆ. ಮಾಡೆಲ್ ತುಂಬ ಹೊತ್ತು ನೋಡಿದರು. "ಹೂಂ, ಈಗ ನನ್ನ ತೋಳೇ" ಅಂದರು. ಆಮೇಲೆ ಒಂದು ಸ್ಲೀವ್‌ಲೆಸ್ ಚಿತ್ರಕ್ಕೆ ಜೂಮ್ ಮಾಡಿಸಿ, "ಅಲ್ಲ ಸರ್, ಇಲ್ಲಿ ನನ್ನ ಲಸಿಕೆ ಕಲೆ ಇತ್ತಲ್ವಾ?" ಅಂದು ನಕ್ಕರು.

ಹೌದು, ಇತ್ತು. ಸ್ಲೀವ್‌ಲೆಸ್‌ಗೆ ಫೋಟೋದ ತೋಳೇ ಸಾಕಿತ್ತು, ಅದನ್ನು ಮಾಸ್ಕ್ ಮಾಡುವ ಅಗತ್ಯವೇ ಇರಲಿಲ್ಲ. ಐದು ಚಿತ್ರಗಳ ಮಾಸ್ಕ್ ಬದಲಿಸಿ ಮತ್ತೆ ಓಡಿಸಿ ಮನೆಗೆ ಹೊರಟಾಗ ರಾತ್ರಿ 10 ದಾಟಿತ್ತು.