ಕುಡಿದ್ರೆ ಹೋಗ್ಬೇಕಲ್ಲಮ್ಮ

ಈ ವಾರ ಪೂರ್ತಿ ಒಂದೇ ಮಾತು ಕಿವಿಯಲ್ಲಿ ಕೂತಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಮತ್ತೆ ಅದೇ ಕೇಳಿಸುತ್ತೆ.

ನೆರೆ ಬಂದ ದಿನ ಪರಿಹಾರ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ನನಗೆ ಸಿಕ್ಕಿತ್ತು. ಶಾಲೆಯ ಬಾಗಿಲಲ್ಲೇ ಒಂದು ಮೇಜು, ಒಂದು ರಿಜಿಸ್ಟರ್. ಹೆಸರು, ವಯಸ್ಸು, ಗಂಡು-ಹೆಣ್ಣು, ಮನೆಯಲ್ಲಿ ಎಷ್ಟು ಜನ. ಕೊನೆಯ ಕಾಲಮ್ಮಿನಲ್ಲಿ ‘ಅಂಗವಿಕಲರು’ ಅಂತ ಇತ್ತು. ಪ್ರತಿ ಮನೆಯವರನ್ನೂ ಕೇಳಿದೆ, "ಅಂಗವಿಕಲರು ಯಾರಾದ್ರೂ ಇದ್ದಾರಾ?" ಎಲ್ಲರೂ ಇಲ್ಲ ಅಂದರು. ಸಂಜೆ ಹೊತ್ತಿಗೆ 212 ಜನ ಆದರು. ಆ ಕಾಲಮ್ಮಿನ ಕೆಳಗೆ ನಾನೇ ಸೊನ್ನೆ ಬರೆದು ಸಹಿ ಹಾಕಿದೆ.

ಆ 212 ಜನರಲ್ಲಿ ಒಬ್ಬರನ್ನು ದೋಣಿಯಿಂದ ನಾಲ್ಕು ಜನ ಕಂಬಳಿಯಲ್ಲಿ ಎತ್ತಿಕೊಂಡು ಬಂದಿದ್ದರು. ಐವತ್ತರ ಆಸುಪಾಸಿನವರು. ನಾನು ಬೇರೆ ಮನೆಯವರ ಹೆಸರು ಬರೆಯುತ್ತಿದ್ದೆ. ಅವರ ತಮ್ಮ ಬಂದು ಹೆಸರು ಹೇಳಿ ಹೋದ. ಗಾಯ ಆಗಿರಬೇಕು ಅಂದುಕೊಂಡೆ. ಅವರ ಗಾಲಿಕುರ್ಚಿ ಮನೆಯಲ್ಲೇ ಉಳಿದಿತ್ತು. ಜಾಗ ಇಲ್ಲ, ಜನ ಮೊದಲು ಅಂದಿದ್ದರಂತೆ ದೋಣಿಯವರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಆ ದಿನ ಅವರು ಎಷ್ಟು ಸಲ ಹೋಗಿ ಬಂದರೋ. ಆದರೆ ನಡೆಯಲಾಗದವರಿಗೆ ಆ ಕುರ್ಚಿ ಸಾಮಾನಲ್ಲ, ಕಾಲು. ಮಡಚಿದರೆ ಒಂದು ದೊಡ್ಡ ಚೀಲದಷ್ಟು ಜಾಗ ಸಾಕು ಅದಕ್ಕೆ.

ಊಟದ ಹೊತ್ತಿಗೆ ನೀರು ಕೊಟ್ಟೆ. "ಬೇಡ" ಅಂದರು. ಇನ್ನೊಂದು ಸಲ ಹೋದೆ, ಬೇಡ. ಊಟ ಕೂಡ ಎರಡೇ ತುತ್ತು. ಸಂಕೋಚ ಇರಬೇಕು ಅಂತ ಮೂರನೇ ಸಲ ಲೋಟ ಕೈಗೇ ಹಿಡಿಸಿದೆ. "ಅಣ್ಣಾ, ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ ನೀವು."

ಲೋಟವನ್ನು ಪಕ್ಕಕ್ಕಿಟ್ಟು ಮೆತ್ತಗೆ ಹೇಳಿದರು, "ಕುಡಿದ್ರೆ ಹೋಗ್ಬೇಕಲ್ಲಮ್ಮ. ಎಲ್ಲಿಗೆ ಹೋಗ್ಲಿ?"

ಆಗಲೂ ನನಗೆ ಪೂರ್ತಿ ಅರ್ಥ ಆಗಲಿಲ್ಲ. ತಮ್ಮನಿಗೆ ಹೇಳಿ ಎತ್ತಿಕೊಂಡು ಹೋಗಿ ಅಂದೆ, ಅಷ್ಟೇ. ಶೌಚಾಲಯ ಹಿಂಭಾಗದಲ್ಲಿ, ಮೂರು ಮೆಟ್ಟಿಲು ಹತ್ತಿ ಹೋಗಬೇಕು, ಒಳಗೆ ಕುಕ್ಕರಗಾಲಲ್ಲಿ ಕೂರುವ ಗುಂಡಿ. ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ದೀಪವೂ ಇರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಅವರಿಗೆ ತಲೆನೋವು ಶುರುವಾಯಿತು. ಮುಖ ಕೆಂಪಗೆ, ಹಣೆ ತುಂಬ ಬೆವರು. ನಮ್ಮ ಹುಡುಗರಲ್ಲಿ ಒಬ್ಬ ತಲೆನೋವಿನ ಮಾತ್ರೆ ತಂದ. ಇನ್ನೊಬ್ಬ ಮಲಗಿಸೋಣ ಅಂದ. ಅವರು ಇಬ್ಬರನ್ನೂ ತಡೆದರು. "ಮಲಗಿಸ್ಬೇಡಿ, ಎತ್ತಿ ಕೂರಿಸಿ. ಇದು ಮಾತ್ರೆಗೆ ಹೋಗೋ ನೋವಲ್ಲ. ಮೂತ್ರ ಕಟ್ಟಿದೆ. ಸೋಪು, ನೀರು ಕೊಟ್ಟು ಎಲ್ಲರೂ ಆಚೆ ಹೋಗಿ."

ಕೂರಿಸಿದೆವು. ಎರಡು ಸೀರೆ ಹಿಡಿದು ಮರೆ ಮಾಡಿದೆವು. ಚೀಲದಲ್ಲಿದ್ದ ತೆಳು ಕೊಳವೆಯಿಂದ ಅವರೇ ಮೂತ್ರ ತೆಗೆದುಕೊಂಡರು. ಹತ್ತು ನಿಮಿಷದಲ್ಲಿ ಬೆವರು ನಿಂತಿತು, ತಲೆನೋವೂ ಇಳಿಯಿತು.

ಮರುದಿನ ಬಂದ ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ನನ್ನ ಕೈಕಾಲು ತಣ್ಣಗಾಯಿತು. ಎದೆಯ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಮೂತ್ರಕೋಶ ತುಂಬಿದ್ದು ನಮ್ಮ ಹಾಗೆ ಗೊತ್ತಾಗುವುದಿಲ್ಲ. ಅದು ತುಂಬಿ ಉಬ್ಬಿದರೆ ರಕ್ತದೊತ್ತಡ ಏಕ್‌ದಮ್ ಏರುತ್ತದೆ. ಮಲಗಿಸಿದರೆ ಇನ್ನೂ ಏರುತ್ತದೆ. ಹಾಗೇ ಬಿಟ್ಟರೆ ಪಾರ್ಶ್ವವಾಯು ಹೊಡೆಯಬಹುದು, ಜೀವವೇ ಹೋಗಬಹುದು. ಅದಕ್ಕೇ ನಾಲ್ಕರಿಂದ ಆರು ಗಂಟೆಗೊಮ್ಮೆ ಕೊಳವೆ ಹಾಕಿ ಖಾಲಿ ಮಾಡಬೇಕು. ಮರೆ ಇಲ್ಲ, ಕೈ ತೊಳೆಯಲು ಜಾಗ ಇಲ್ಲ ಅಂತ ಅವರು ಹತ್ತು ಗಂಟೆ ತಡೆದುಕೊಂಡಿದ್ದರು. ಕಮ್ಮಿ ಕುಡಿದರೆ ಕಮ್ಮಿ ತುಂಬುತ್ತೆ ಅನ್ನುವುದು ಅವರ ಲೆಕ್ಕ. ಹಾಗೆ ಕುಡಿಯದೇ ಇದ್ದವರಿಗೆ ಮೂರು ನಾಲ್ಕು ದಿನದಲ್ಲಿ ಸೋಂಕಾಗಿ ಚಳಿಜ್ವರ ಬರುವುದು ತೀರಾ ಸಾಮಾನ್ಯವಂತೆ.

ಆಕೆ ಬಹಳ ಕಡಿಮೆ ಮಾತಿನವರು. ಬಂದವರೇ ರಿಜಿಸ್ಟರ್ ತಿರುವಿದರು. ಸೊನ್ನೆಯ ಮೇಲೆ ಬೆರಳಿಟ್ಟು, "ಏನಂತ ಕೇಳಿದ್ರಿ?" ಅಂದರು. ಹೇಳಿದೆ. "ಆ ಪದ ಬಿಟ್ಟು ಕೇಳಿ ನೋಡೋಣ" ಅಂದರು.

ಆರು ಪ್ರಶ್ನೆ ಕೊಟ್ಟರು. ವಾಷಿಂಗ್ಟನ್ ಗ್ರೂಪ್ ಅನ್ನುವವರು ರೂಪಿಸಿದ್ದು, ಬೇರೆ ಬೇರೆ ದೇಶಗಳ ಜನಗಣತಿಯಲ್ಲೂ ಬಳಸುತ್ತಾರೆ. ಕನ್ನಡಕ ಇದ್ದರೂ ನೋಡಲು ಕಷ್ಟವಾಗುತ್ತಾ? ಕಿವಿಯಂತ್ರ ಇದ್ದರೂ ಕೇಳಲು ಕಷ್ಟವಾ? ನಡೆಯಲು, ಮೆಟ್ಟಿಲು ಹತ್ತಲು? ನೆನಪಿಟ್ಟುಕೊಳ್ಳಲು, ಗಮನ ಕೊಡಲು? ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು? ನಮ್ಮ ಮಾತು ಅರ್ಥಮಾಡಿಕೊಳ್ಳಲು, ತಮ್ಮ ಮಾತು ಅರ್ಥಮಾಡಿಸಲು? ಉತ್ತರ ನಾಲ್ಕೇ. ಏನೂ ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ. ಒಂದಕ್ಕಾದರೂ ಕೊನೆಯ ಎರಡರಲ್ಲಿ ಒಂದು ಉತ್ತರ ಬಂದರೆ ಅವರನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂಗವಿಕಲ ಅನ್ನುವ ಪದ ಎಲ್ಲೂ ಬರುವುದಿಲ್ಲ.

ಎರಡು ಗಂಟೆ ಹಿಡಿಯಿತು. ಸೊನ್ನೆ ಇದ್ದದ್ದು 23 ಆಯಿತು.

ಯಾರೂ ಸುಳ್ಳು ಹೇಳಿರಲಿಲ್ಲ. ಮಂಡಿ ಸವೆದ ಅಜ್ಜಿ ತಾನು ಮುದುಕಿ ಅಷ್ಟೇ ಅಂದುಕೊಂಡಿದ್ದರು. ಅರ್ಧ ಕಿವಿ ಕೇಳದವರು ಜನರ ಮುಂದೆ ಹೇಳಿಕೊಳ್ಳಲು ನಾಚಿದ್ದರು. ಮಗನಿಗೆ ಬುದ್ಧಿ ಬೆಳವಣಿಗೆ ನಿಧಾನ ಅಂತ ಸಾಲಿನಲ್ಲಿ ನಿಂತು ಕೂಗಿ ಹೇಳುವ ತಾಯಿ ಯಾರಿದ್ದಾರೆ? ಕಿವಿ ಕೇಳದ ಗಂಡ ಹೆಂಡತಿ ಒಂದು ಊಟ ತಪ್ಪಿಸಿಕೊಂಡಿದ್ದೂ ಆಗಲೇ ಗೊತ್ತಾಗಿದ್ದು. ಊಟಕ್ಕೆ ಮೈಕಲ್ಲಿ ಕರೆದಿದ್ದೆವು. ಅವರು ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಆಮೇಲಿಂದ ಕರಿಹಲಗೆಯ ಮೇಲೆ ಹೊತ್ತು ಬರೆದೆವು, ಒಬ್ಬ ಹುಡುಗ ಹೋಗಿ ಭುಜ ಮುಟ್ಟಿ ತೋರಿಸುತ್ತಿದ್ದ.

ಆರು ಪ್ರಶ್ನೆಗಳಿಗೂ ಸಿಗದವರಿದ್ದಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಅವು ಹೊಂದುವುದಿಲ್ಲ. ಮನಸ್ಸಿನ ಕಾಯಿಲೆ ಇದ್ದವರು, ಮೂರ್ಛೆರೋಗದವರು ತಪ್ಪಿಹೋಗಬಹುದು. ಅದಕ್ಕೆ ಆಕೆ ಕೊನೆಗೆ ಇನ್ನೊಂದು ಸೇರಿಸಿದ್ದರು, "ದಿನಾ ತಗೊಳ್ಳೋ ಮಾತ್ರೆ ಯಾವುದಾದ್ರೂ ಮನೇಲಿ ಉಳಿದಿದೆಯಾ?" ಒಬ್ಬ ಹುಡುಗಿಯ ಅಮ್ಮ ಎದ್ದು ನಿಂತರು. ಮಗಳಿಗೆ ಮೂರ್ಛೆ ಬರುತ್ತೆ, ಮಾತ್ರೆ ಡಬ್ಬಿ ನೀರಲ್ಲಿ ಹೋಯಿತು, ಎರಡು ಹೊತ್ತಿನದು ತಪ್ಪಿದೆ. ಆ ಮಾತ್ರೆ ಹಠಾತ್ತಾಗಿ ನಿಂತರೆ ಒಂದರ ಹಿಂದೆ ಒಂದು ಮೂರ್ಛೆ ಬರುವ ಅಪಾಯವಿದೆ. ನಮ್ಮ ಔಷಧಿ ಪೆಟ್ಟಿಗೆಯಲ್ಲಿ ಜ್ವರದ್ದು, ಭೇದಿಯದ್ದು, ಗಾಯದ ಮುಲಾಮು ಇತ್ತು. ಇದು ಇರಲಿಲ್ಲ. ಹಳೇ ಚೀಟಿಯ ಫೋಟೋ ಅವರ ಮೊಬೈಲಿನಲ್ಲಿ ಇದ್ದದ್ದರಿಂದ ಮಧ್ಯಾಹ್ನಕ್ಕೆ ಮಾತ್ರೆ ತರಿಸಲು ಆಯಿತು. ಅಂದಿನಿಂದ ನಾನು ಮನೆಯವರೆಲ್ಲರ ಔಷಧಿ ಚೀಟಿಗಳ ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ.

ಇನ್ನು ಶೌಚಾಲಯ. ಒಂದು ಗಾಲಿಕುರ್ಚಿ ಎಲ್ಲಿಂದಲೋ ತಂದೆವು. ಮೆಟ್ಟಿಲ ಮೇಲೆ ಆರಡಿ ಹಲಗೆ ಹಾಕಿದರೆ ಆಯಿತು ಅಂದುಕೊಂಡೆವು. ಇಬ್ಬರು ತಳ್ಳಿದರೂ ಕುರ್ಚಿ ಹಿಂದಕ್ಕೆ ವಾಲಿತು, ಹಿಡಿದದ್ದಕ್ಕೆ ಬಚಾವಾದರು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ, ಅಂದರೆ ಹದಿನೆಂಟು ಅಡಿ. ಹಾಗೆ ಹತ್ತಿದರೂ ಬಾಗಿಲು 23 ಇಂಚು, ಕುರ್ಚಿ 26 ಇಂಚು. ಮೊದಲೇ ಒಂದು ಟೇಪು ಹಿಡಿದು ಅಳೆದಿದ್ದರೆ ಗೊತ್ತಾಗುತ್ತಿತ್ತು. ಬೇಸಿಗೆಯಲ್ಲೇ ಕಟ್ಟಡಗಳ ಪಟ್ಟಿ ಮಾಡುವವರು ಕೋಣೆ ಎಷ್ಟು, ನಲ್ಲಿ ಎಷ್ಟು ಅಂತ ಬರೆದುಕೊಳ್ಳುತ್ತಾರೆ. ಬಾಗಿಲ ಅಗಲ ಯಾಕೆ ಬರೆದುಕೊಳ್ಳಬಾರದು?

ಕೊನೆಗೆ ಮಾಡಿದ್ದು ಇದು. ನೆಲಮಟ್ಟದ ಒಂದು ಚಿಕ್ಕ ಕೋಣೆ ಖಾಲಿ ಮಾಡಿಸಿದೆವು. ಗಟ್ಟಿ ಕುರ್ಚಿಯೊಂದರ ಮಧ್ಯೆ ಗುಂಡಗೆ ಕೊಯ್ದು, ಕೆಳಗೆ ಮುಚ್ಚಳದ ಬಕೆಟ್ ಇಟ್ಟೆವು. ಪಕ್ಕದಲ್ಲಿ ನೀರು, ಸೋಪು, ಒಳಗಿನಿಂದ ಚಿಲಕ, ಒಂದು ಬ್ಯಾಟರಿ ದೀಪ. ಕೊಯ್ದ ಅಂಚಿನ ಮೇಲೆ ಆ ಅಣ್ಣನೇ ಕೈಯಾಡಿಸಿ ನೋಡಿದರು. "ಇದು ನನ್ ಚರ್ಮ ಕುಯ್ಯುತ್ತಮ್ಮ, ನಂಗೆ ಗೊತ್ತೂ ಆಗಲ್ಲ" ಅಂದರು. ಸ್ಪರ್ಶ ಇಲ್ಲದ ಕಡೆ ಗಾಯ ಆದರೆ ಹುಣ್ಣಾಗಿ ತಿಂಗಳುಗಟ್ಟಲೆ ಮಾಯುವುದಿಲ್ಲ. ಹಳೇ ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ಸುತ್ತಿದೆವು, ಅದರ ಮೇಲೆ ಸ್ಪಂಜು. ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡ ಸದ್ದು ಕೇಳಿದಾಗ ನಾನು ಹೊರಗೆ ನಿಂತು ಅತ್ತುಬಿಟ್ಟೆ. ಆಮೇಲೆ ಆ ಕೋಣೆಗೆ ಮಂಡಿನೋವಿನ ಅಜ್ಜಿಯಂದಿರು ಬಂದರು, ತುಂಬು ಬಸುರಿಯೊಬ್ಬರು ಬಂದರು. ಅವರೆಲ್ಲ ಅಲ್ಲಿಯವರೆಗೆ ಏನು ಮಾಡುತ್ತಿದ್ದರು ಅಂತ ನಾನು ಕೇಳಲಿಲ್ಲ.

ಆ ರಾತ್ರಿ ಅಣ್ಣ ತಾವಾಗೇ ನೀರು ಕೇಳಿ ಎರಡು ಲೋಟ ಕುಡಿದರು.

ನನಗೆ ನಿದ್ದೆ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಗಣನೀಯ ವೈಕಲ್ಯವಿದೆ. ಆ ಲೆಕ್ಕ ಎಲ್ಲಾ ಕಡೆ ಕರಾರುವಾಕ್ಕಾಗಿ ಕೂರುವುದಿಲ್ಲ, ನಿಜ. ಆದರೂ 212ಕ್ಕೆ 35 ಜನ ಆಗಬೇಕು. ನಮ್ಮಲ್ಲಿ 23. ಉಳಿದವರು ಎಲ್ಲಿ? ಬೆಳಿಗ್ಗೆ ಎದ್ದು ಮನೆ ಮನೆಯವರನ್ನೂ ಮತ್ತೆ ಕೇಳಿದೆ. "ನಿಮ್ಮ ಬೀದಿಯಲ್ಲಿ ಬರದೇ ಉಳಿದವರು ಯಾರು?" ಕಣ್ಣು ಕಾಣದ ಒಬ್ಬ ತಾತ, ಅವರ ಹೆಂಡತಿ, ಇಬ್ಬರೂ ಮೇಲ್ಮಹಡಿಯಲ್ಲೇ ಇದ್ದಾರೆ ಅಂತ ಗೊತ್ತಾಯಿತು. ಗೊತ್ತಿಲ್ಲದ ಜಾಗಕ್ಕೆ ಬಂದರೆ ಗೋಡೆ ಎಲ್ಲಿ, ಬಾಗಿಲು ಎಲ್ಲಿ ಅಂತ ತಿಳಿಯುವುದಿಲ್ಲ ಅಂತ ಅವರು ಬರಲು ಒಪ್ಪಿರಲಿಲ್ಲ. ಮೂರನೇ ದಿನ ದೋಣಿ ಅವರಲ್ಲಿಗೆ ಹೋಯಿತು.

ಜಪಾನಿನಲ್ಲಿ 2011ರ ಸುನಾಮಿಯಲ್ಲಿ ಅಂಗವಿಕಲರು ಉಳಿದವರಿಗಿಂತ ಸುಮಾರು ಎರಡು ಪಟ್ಟು ಪ್ರಮಾಣದಲ್ಲಿ ಸತ್ತರು. ಆಮೇಲೆ 2013ರಲ್ಲಿ, ಸಹಾಯವಿಲ್ಲದೆ ಹೊರಬರಲಾಗದವರ ಪಟ್ಟಿ ಮಾಡುವುದನ್ನು ಸ್ಥಳೀಯ ಆಡಳಿತಗಳಿಗೆ ಕಡ್ಡಾಯ ಮಾಡಿದರು. ಪಟ್ಟಿಯೊಂದೇ ಸಾಲದು ಅಂತ 2021ರಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಯೋಜನೆ ಮಾಡಲು ಪ್ರಯತ್ನಿಸಬೇಕು ಅಂತ ಸೇರಿಸಿದರು. ಯಾರು ಬಂದು ಕರೆದುಕೊಂಡು ಹೋಗಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಮಳೆಗೆ ಮೊದಲೇ ಕಾಗದದಲ್ಲಿ ಇರುತ್ತೆ. ಅಂಥ ಒಂದು ಹಾಳೆ ಇದ್ದಿದ್ದರೆ ಅಣ್ಣನ ಹೆಸರಿನ ಮುಂದೆ ‘ಗಾಲಿಕುರ್ಚಿ, ಕೊಳವೆ’ ಅಂತ ಎರಡೇ ಪದ ಸಾಕಿತ್ತು.

ನೀರು ಇಳಿದಿದೆ. ಜನ ಮೂಟೆ ಕಟ್ಟಿಕೊಂಡು ಹೋಗುತ್ತಿದ್ದಾರೆ. ಮೇಲಿನವರು ಕೇಂದ್ರ ಮುಚ್ಚುವ ತಾರೀಕು ಕೇಳುತ್ತಿದ್ದಾರೆ. ಅಣ್ಣನ ಗಾಲಿಕುರ್ಚಿ ಸಿಕ್ಕಿತು, ಆದರೆ ಗಾಲಿಯ ಬೇರಿಂಗಿನೊಳಗೆಲ್ಲ ಕೆಸರು, ತಿರುಗುತ್ತಿಲ್ಲ. ಅವರ ಮನೆಯ ಶೌಚಾಲಯದಲ್ಲಿ ಇನ್ನೂ ಮೊಣಕಾಲುದ್ದ ಹೂಳಿದೆ. ನಿನ್ನೆ ಲೆಕ್ಕ ಹಾಕಿದೆ, ಕೇಂದ್ರದಲ್ಲಿ ಉಳಿದವರು ಹನ್ನೊಂದು ಜನ. ಅದರಲ್ಲಿ ಒಂಬತ್ತು ಹೆಸರು ನಮ್ಮ 23ರ ಪಟ್ಟಿಯದ್ದು. ಆ ಪಟ್ಟಿ ತಗೊಂಡು ನಾಳೆ ಬೆಳಿಗ್ಗೆ ಕಚೇರಿಗೆ ಹೋಗುತ್ತಿದ್ದೇನೆ. ಆ ಒಂಬತ್ತು ಮನೆಗಳ ಹೂಳು ಮೊದಲು ತೆಗೆಸಿ, ಆಮೇಲೆ ಬೀಗ ಹಾಕಿ ಅಂತ ಕೇಳುತ್ತೇನೆ.